ಹದಿನಾಲ್ಕು ಫ್ರೇಮಿನ ನಗು

ಕಡಿದಾದ ಬಂಡೆಯ ಅಂಚಿನಿಂದ ಕೊಯೋಟಿ ಬೀಳುತ್ತದೆ. ಕ್ಯಾಮೆರಾ ಮೇಲೆಯೇ ಇದ್ದು ನೆಟ್ಟಗೆ ಕೆಳಗೆ ನೋಡುತ್ತಿದೆ. ಬೀಳುವ ಪ್ರಾಣಿ ಚಿಕ್ಕದಾಗುತ್ತ, ಚುಕ್ಕಿಯಾಗುತ್ತ, ಕೊನೆಗೆ ಕಾಣದೇ ಹೋಗುತ್ತದೆ. ಆಮೇಲೆ ಒಂದು ಕ್ಷಣ ಏನೂ ಇಲ್ಲ. ಅದಾದ ಮೇಲೆ ಪಾತಾಳದಲ್ಲೆಲ್ಲೋ ಒಂದು ಹಿಡಿ ಧೂಳು ಏಳುತ್ತದೆ. ಜನ ನಗುತ್ತಾರೆ.

ಅಮೆರಿಕದ ವಾರ್ನರ್ ಬ್ರದರ್ಸ್ ಕಾರ್ಟೂನ್ ವಿಭಾಗದಲ್ಲಿ ನಿರ್ದೇಶಕ ಚಕ್ ಜೋನ್ಸ್ ಮತ್ತು ಕತೆಗಾರ ಮೈಕೆಲ್ ಮಾಲ್ಟೀಸ್ ಸೇರಿ 1949ರಲ್ಲಿ ರೋಡ್ ರನ್ನರ್ ಹಕ್ಕಿಯನ್ನೂ ಅದರ ಬೆನ್ನು ಹತ್ತುವ ಕೊಯೋಟಿಯನ್ನೂ ತೆರೆಗೆ ತಂದರು. ಈ ಸರಣಿಯ ಚಿತ್ರಗಳಲ್ಲಿ ಮಾತಿಲ್ಲ. ಸಂಗೀತವಿದೆ, ಸದ್ದುಗಳಿವೆ, ಹಕ್ಕಿಯ 'ಬೀಪ್ ಬೀಪ್' ಇದೆ, ಅಷ್ಟೇ. ಬಂಡೆಯಿಂದ ಬೀಳುವ ಈ ದೃಶ್ಯ ಸರಣಿಯುದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಅದರ ಲೆಕ್ಕವನ್ನು ಜೋನ್ಸ್ ತಾವೇ ಹೇಳಿದ್ದಾರೆ: ಕೊಯೋಟಿ ಕಣ್ಮರೆಯಾಗುವುದಕ್ಕೆ ಹದಿನೆಂಟು ಫ್ರೇಮು, ಅಲ್ಲಿಂದ ನೆಲಕ್ಕೆ ಅಪ್ಪಳಿಸುವುದಕ್ಕೆ ಹದಿನಾಲ್ಕು. ಹದಿಮೂರಕ್ಕೆ ನಗು ಬರಲಿಲ್ಲ, ಹದಿನೈದಕ್ಕೂ ಬರಲಿಲ್ಲ, ಹದಿನಾಲ್ಕಕ್ಕೆ ಬಂತು ಎನ್ನುತ್ತಾರೆ ಅವರು.

ಸಿನಿಮಾ ತೆರೆಯ ಮೇಲೆ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಅಂದರೆ ಒಂದು ಫ್ರೇಮಿನ ಆಯುಷ್ಯ ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು. ಹದಿನಾಲ್ಕು ಫ್ರೇಮು ಅಂದರೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಒಂದು ಫ್ರೇಮು ಅತ್ತಿತ್ತಾದರೆ ನೋಡುವವನಿಗೆ ಗೊತ್ತಾಗುತ್ತದೆಯೇ? 'ಈಗ ತಡವಾಯಿತು' ಎಂದು ಯಾರೂ ಬೆರಳಿಟ್ಟು ತೋರಿಸಲಾರರು. ಆದರೂ ಜೋನ್ಸ್ ಲೆಕ್ಕವನ್ನು ಬರೀ ಜಂಬ ಎಂದು ತಳ್ಳಿಹಾಕುವ ಮೊದಲು ಆ ಹದಿನಾಲ್ಕು ಫ್ರೇಮಿನಲ್ಲಿ ಕೆಲಸ ಯಾರದು ಎಂದು ನೋಡಬೇಕು. ತೆರೆಯ ಮೇಲೆ ಏನೂ ನಡೆಯುತ್ತಿಲ್ಲ. ನಡೆಯುವುದೆಲ್ಲ ನೋಡುಗನ ತಲೆಯೊಳಗೆ.

ಮೊದಲು ಭೌತಶಾಸ್ತ್ರವನ್ನು ವಿಚಾರಿಸಿಕೊಳ್ಳೋಣ. ನಿಜವಾದ ಬಂಡೆಯಿಂದ ಬಿದ್ದವನು ಹದಿನೆಂಟು ಫ್ರೇಮಿನಲ್ಲಿ, ಅಂದರೆ ಮುಕ್ಕಾಲು ಸೆಕೆಂಡಿನಲ್ಲಿ, ಮೂರು ಮೀಟರು ಕೂಡ ಇಳಿದಿರುವುದಿಲ್ಲ. ಅವನು ಚುಕ್ಕಿಯಾಗಿ ಮಾಯವಾಗುವಷ್ಟು ದೂರ ಹೋಗಲು ಹಲವು ಸೆಕೆಂಡು ಬೇಕು. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೂ ಇನ್ನೂರು ಮೀಟರು ಬೀಳಲು ಆರು ಸೆಕೆಂಡು ದಾಟುತ್ತದೆ. ಅಷ್ಟು ಹೊತ್ತು ತೋರಿಸಿದರೆ ಅದು ಅಪಘಾತವಾಗುತ್ತದೆ. ನೋಡುವವನಿಗೆ ಭಯಪಡುವುದಕ್ಕೆ, ಮರುಗುವುದಕ್ಕೆ ಪುರುಸೊತ್ತು ಸಿಗುತ್ತದೆ. ಬೀಳುವ ಹೊತ್ತನ್ನು ಅಷ್ಟು ಕತ್ತರಿಸಿರುವುದರಿಂದಲೇ ಕೊಯೋಟಿಯ ನೋವು ನಮ್ಮನ್ನು ತಟ್ಟುವುದಿಲ್ಲ. ಹದಿನಾಲ್ಕು ಫ್ರೇಮಿನ ಮೌನಕ್ಕೆ ಮಾತ್ರ ಒಂದು ತಮಾಷೆಯ ಹೊಂದಿಕೆ ಇದೆ: ಇನ್ನೂರು ಮೀಟರು ಕೆಳಗಿನ ಸದ್ದು ನಮ್ಮ ಕಿವಿಗೆ ಬರಲು ಹಿಡಿಯುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ. ಜೋನ್ಸ್ ಅದನ್ನೆಲ್ಲ ಲೆಕ್ಕ ಹಾಕಿ ಮಾಡಿದ್ದಲ್ಲ, ಅವರು ನೋಡಿದ್ದು ನಗುವನ್ನು. ಕಾಕತಾಳೀಯವೆಂದೇ ಇಟ್ಟುಕೊಳ್ಳಿ.

ಈಗ ತಲೆಯೊಳಗಿನ ಕೆಲಸ. ಕಣ್ಣೆದುರು ಹೊಸದೊಂದು ಕಂಡಾಗ ಕಣ್ಣು ಅದರತ್ತ ನೆಗೆಯಲು ಸುಮಾರು ಸೆಕೆಂಡಿನ ಐದನೇ ಒಂದು ಪಾಲು ಹಿಡಿಯುತ್ತದೆ. ಫ್ರೇಮಿನಲ್ಲಿ ಹೇಳುವುದಾದರೆ ಐದು. ಹೀಗೆ ನೆಗೆಯುವಾಗ ನಡುವೆ ಕಣ್ಣಿಗೆ ಏನೂ ಸ್ಪಷ್ಟವಾಗಿ ಕಾಣುವುದಿಲ್ಲ. ಕಂಡದ್ದು ಏನೆಂದು ಗುರುತಿಸಿ, 'ಹಾಗಾದರೆ ಮುಂದೆ ಇದಾಗುತ್ತದೆ' ಎಂದು ಊಹಿಸಲು ಇನ್ನಷ್ಟು ಫ್ರೇಮು ಬೇಕು. ಚುಕ್ಕಿ ಮಾಯವಾದ ಮೇಲೆ ನೋಡುಗನಿಗೆ ಮೊದಲು ಅದು ಮಾಯವಾದದ್ದು ತಿಳಿಯಬೇಕು, ಆಮೇಲೆ ನೆಲದ ನೆನಪಾಗಬೇಕು, ಅಪ್ಪಳಿಸುವುದನ್ನು ಅವನು ಮನಸ್ಸಿನಲ್ಲೇ ಕಂಡುಬಿಡಬೇಕು. ಅವನು ಕಂಡ ಮರುಗಳಿಗೆಗೆ ಧೂಳು ಏಳಬೇಕು. ಅದಕ್ಕಿಂತ ಮೊದಲೇ ಎದ್ದರೆ ಅದೊಂದು ಬರೀ ಸುದ್ದಿ. ತಡವಾಗಿ ಎದ್ದರೆ ಅವನ ಊಹೆ ಆಗಲೇ ಆರಿ ತಣ್ಣಗಾಗಿರುತ್ತದೆ.

ಹದಿನಾಲ್ಕು ಎಂಬ ಸಂಖ್ಯೆಯಲ್ಲಿ ಮಂತ್ರವೇನೂ ಇಲ್ಲ. ಅದು ಆ ಬಂಡೆಗೆ, ಆ ಕೋನಕ್ಕೆ, ಅಷ್ಟು ಚಿಕ್ಕದಾಗುವ ಚುಕ್ಕಿಗೆ ಸರಿಹೊಂದಿದ ಅಳತೆ. ಬೀಳುವುದು ಪಕ್ಕದಿಂದ ಕಂಡರೆ, ನೆಲವೂ ಚೌಕಟ್ಟಿನೊಳಗೇ ಇದ್ದರೆ ನೋಡುಗ ಊಹಿಸಬೇಕಾದದ್ದೇ ಕಡಿಮೆ, ಹಾಗಾಗಿ ಅಂತರವೂ ಕಡಿಮೆಯಾಗಬೇಕು. ಬರೆಯುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ 'ಎಷ್ಟು ಫ್ರೇಮು' ಎಂದಲ್ಲ, 'ಈ ಗಳಿಗೆಯಲ್ಲಿ ನೋಡುಗ ಏನನ್ನು ಊಹಿಸಬೇಕು' ಎಂದು.

ಆ ಊಹೆಯನ್ನು ಕೊಯೋಟಿ ಇನ್ನೊಂದು ಬಗೆಯಲ್ಲೂ ಆಡಿಸುತ್ತದೆ. ಓಡುತ್ತ ಬಂಡೆಯ ಅಂಚು ದಾಟಿದರೂ ಅದು ಬೀಳುವುದಿಲ್ಲ. ಗಾಳಿಯಲ್ಲೇ ನಿಂತು, ಕಾಲಿನಿಂದ ತಡವಿ, ಕೆಳಗೆ ನೋಡಿ, ನಮ್ಮತ್ತ ತಿರುಗಿ ಪೆಚ್ಚಾಗಿ, ಆಮೇಲಷ್ಟೇ ಬೀಳುತ್ತದೆ. ಇದನ್ನು ಶುದ್ಧ ಅಸಂಬದ್ಧ ಎನ್ನುವ ಹಾಗಿಲ್ಲ. ಮೈಕೆಲ್ ಮೆಕ್‌ಕ್ಲಾಸ್ಕಿ ಎಂಬ ಮನೋವಿಜ್ಞಾನಿ 1983ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬರೆದ ಲೇಖನವೊಂದಿದೆ. ಬಂಡೆಯ ಅಂಚಿನಿಂದ ಉರುಳಿಹೋದ ಚೆಂಡು ಯಾವ ದಾರಿಯಲ್ಲಿ ಬೀಳುತ್ತದೆ ಎಂದು ಚಿತ್ರ ಬರೆಯಲು ಹೇಳಿದಾಗ ಕೆಲವರು ಚೆಂಡನ್ನು ಗಾಳಿಯಲ್ಲಿ ಸ್ವಲ್ಪ ದೂರ ನೇರ ಸಾಗಿಸಿ ಆಮೇಲೆ ಕೆಳಗೆ ಬೀಳಿಸಿದರು. ನಿಜವಾದ ಚೆಂಡು ಅಂಚು ಬಿಟ್ಟ ಗಳಿಗೆಯಿಂದಲೇ ಬಾಗಿ ಬೀಳತೊಡಗುತ್ತದೆ. ಓಟದ ಬಲವೇ ವಸ್ತುವನ್ನು ಎತ್ತಿ ಹಿಡಿದಿರುತ್ತದೆ, ಅದು ತೀರಿದ ಮೇಲೆ ತೂಕ ಗೆಲ್ಲುತ್ತದೆ ಎಂಬ ಈ ನಂಬಿಕೆ ಯುರೋಪಿನ ಮಧ್ಯಯುಗದ ವಿದ್ವಾಂಸರಲ್ಲೂ ಇತ್ತು. ಅಂದರೆ ಕೊಯೋಟಿ ಮುರಿಯುವುದು ನ್ಯೂಟನ್ನನ ನಿಯಮವನ್ನು. ನಮ್ಮ ಹೊಟ್ಟೆಯೊಳಗಿನ ಭೌತಶಾಸ್ತ್ರಕ್ಕೆ ಅದು ತೀರ ಅಪರಿಚಿತವಲ್ಲ. ತಪ್ಪು ಯಾವುದೆಂದು ತಕ್ಷಣ ಗೊತ್ತಾಗುವಷ್ಟು ಪರಿಚಿತವಾದ ತಪ್ಪು ಮಾತ್ರ ಮಾತಿಲ್ಲದ ಚಿತ್ರದಲ್ಲಿ ನಗೆಯಾಗುತ್ತದೆ. ವಿವರಣೆ ಬೇಕಾದ ತಪ್ಪಿಗೆ ಇಲ್ಲಿ ಜಾಗವಿಲ್ಲ.

ವಾರ್ನರ್ ಸ್ಟುಡಿಯೋದಲ್ಲಿ ಇದೆಲ್ಲ ಚಿತ್ರ ಚಲಿಸುವ ಮೊದಲೇ ಕಾಗದದ ಮೇಲೆ ತೀರ್ಮಾನವಾಗುತ್ತಿತ್ತು. ಚಿತ್ರವೊಂದಕ್ಕೆ ಸುಮಾರು 540 ಅಡಿ ಫಿಲ್ಮು, ಅಡಿಗೆ ಹದಿನಾರು ಫ್ರೇಮಿನಂತೆ ಆರು ನಿಮಿಷ. ಬರೆದದ್ದನ್ನು ಆಮೇಲೆ ಕತ್ತರಿಸಿ ಎಸೆಯುವುದು ದುಬಾರಿ, ಹಾಗಾಗಿ ನಿರ್ದೇಶಕ ಮೊದಲೇ ಪ್ರತಿ ಚಲನೆಯ ಫ್ರೇಮುಗಳನ್ನು ಎಣಿಸಿ ಬಾರ್ ಶೀಟಿನ ಮೇಲೂ ಎಕ್ಸ್‌ಪೋಷರ್ ಶೀಟಿನ ಮೇಲೂ ಗುರುತು ಹಾಕುತ್ತಿದ್ದ. ಕಾರ್ಲ್ ಸ್ಟಾಲಿಂಗ್ ಆ ಲೆಕ್ಕಕ್ಕೇ ಸಂಗೀತ ಹೊಂದಿಸುತ್ತಿದ್ದರು. ಅದಕ್ಕೂ ಮೊದಲು ಕತೆ ಕಟ್ಟುವ ಹಂತದಲ್ಲಿ ಜೋನ್ಸ್ ತಂಡ ಒಂದು ಬೈಠಕ್ ನಡೆಸುತ್ತಿತ್ತು. ಅಲ್ಲಿ ಯಾರೂ 'ಬೇಡ' ಎನ್ನುವಂತಿಲ್ಲ. ಮೆಚ್ಚಿದ್ದನ್ನು ಬೆಳೆಸಬಹುದು, ಮೆಚ್ಚದಿದ್ದರೆ ಸುಮ್ಮನಿರಬಹುದು. ನಗೆಯ ಹೊಳಹುಗಳು ಬಹಳ ಎಳೆಯವು, 'ಯಾಕೆ' ಎಂದು ಕೇಳಿದ ಕೂಡಲೇ ಬಾಡುತ್ತವೆ ಎಂಬುದು ಅದರ ಹಿಂದಿನ ತಿಳಿವಳಿಕೆ ಇರಬೇಕು. ಕಟುವಾದ ಪ್ರಶ್ನೆಗಳ ಸರದಿ ಬರುವುದು ಫ್ರೇಮು ಎಣಿಸುವಾಗ.

ಎಣಿಸುವುದು ಹೇಗೆಂದು ಒಂದು ಗ್ಯಾಗನ್ನು ಕಟ್ಟಿಯೇ ನೋಡಬಹುದು. ಮೂಲ ಹಳೆಯದು: ಗಾರೆ ಕೆಲಸದವನೊಬ್ಬ ಇಟ್ಟಿಗೆ ತುಂಬಿದ ಪೀಪಾಯಿಯನ್ನು ಹಗ್ಗದಿಂದ ಇಳಿಸಲು ಹೋಗಿ ತಾನೇ ಮೇಲೇರಿದ ಕತೆ. ಗೆರಾರ್ಡ್ ಹಾಫ್ನಂಗ್ ಇದನ್ನು 1958ರಲ್ಲಿ ಆಕ್ಸ್‌ಫರ್ಡಿನಲ್ಲಿ ಹೇಳಿ ಸಭೆಯನ್ನು ಉರುಳಾಡಿಸಿದ್ದರು. ಅವರ ಬಳಿ ಮಾತಿತ್ತು, ನಮ್ಮ ಬಳಿ ಇಲ್ಲ. ನಾನು ಇಟ್ಟಿಗೆಯ ಬದಲು ಹಲಸಿನ ಹಣ್ಣು ಇಡುತ್ತೇನೆ. ಬಡಕಲು ಕಳ್ಳನೊಬ್ಬ ರಾತ್ರಿ ಮರದ ಕೆಳಗೆ ನಿಂತಿದ್ದಾನೆ. ಮೇಲಿನ ಹಣ್ಣಿಗೆ ಕಟ್ಟಿದ ಹಗ್ಗ ಕೊಂಬೆಯ ಮೇಲಿಂದ ಹಾದು ಅವನ ಸೊಂಟಕ್ಕೆ ಬಂದಿದೆ. ದೋಟಿಯ ತುದಿಗೆ ಕತ್ತಿ. ತೊಟ್ಟು ಕೊಯ್ದರೆ ಹಣ್ಣು ಸದ್ದಿಲ್ಲದೆ ಮೆಲ್ಲಗೆ ಇಳಿಯಬೇಕು, ಅದು ಅವನ ಯೋಜನೆ.

ಇಲ್ಲಿ ನೋಡುಗನಿಗೆ ಎರಡು ವಿಷಯ ಮೊದಲೇ ಗೊತ್ತಿರಬೇಕು. ಒಂದು, ಹಣ್ಣು ಕಳ್ಳನಿಗಿಂತ ಭಾರ. ಅದನ್ನು ಹೇಳಲು ಹಣ್ಣನ್ನು ಅವನ ಮೈಗಿಂತ ದಪ್ಪ ಬರೆಯಬೇಕು, ಅದು ತೂಗುವ ಕೊಂಬೆ ಬಾಗಿರಬೇಕು. ಇನ್ನೊಂದು ಹಲಸಿನ ಮೇಣ. ಅದಕ್ಕಾಗಿ ಆರಂಭದಲ್ಲೇ ಕಳ್ಳ ಚಿಕ್ಕ ಶೀಸೆ ತೆಗೆದು ಎರಡೂ ಕೈಗೆ ಎಣ್ಣೆ ಸವರಿಕೊಳ್ಳುತ್ತಾನೆ, ಬೆರಳು ಬೆರಳಿಗೂ, ಬಹಳ ಕಾಳಜಿಯಿಂದ. ಇದಕ್ಕೆ ಎರಡೂವರೆ ಸೆಕೆಂಡು, ಅರವತ್ತು ಫ್ರೇಮು. ಅಷ್ಟು ಪುಟ್ಟ ಚಿತ್ರದಲ್ಲಿ ಇದು ದೊಡ್ಡ ಖರ್ಚು. ಆದರೆ ಇದಿಲ್ಲದಿದ್ದರೆ ಕೊನೆಯ ನಗು ಇಲ್ಲ. ಎಣ್ಣೆಯನ್ನು ಗ್ಯಾಗಿನ ಹೊತ್ತಿನಲ್ಲೇ ತೋರಿಸಿದರೆ ನೋಡುಗ ಎಚ್ಚರಗೊಳ್ಳುತ್ತಾನೆ. ಮೊದಲೇ, ಕಳ್ಳನ ಸ್ವಭಾವದ ಭಾಗವಾಗಿ ತೋರಿಸಿದರೆ ಅದು ಬೀಜವೆಂದು ಯಾರಿಗೂ ಅನಿಸುವುದಿಲ್ಲ.

ತೊಟ್ಟು ಕೊಯ್ದಾಯಿತು. ಈಗ ಹದಿನಾರು ಫ್ರೇಮು ಏನೂ ಆಗಬಾರದು. ಕಳ್ಳನ ಮುಖದಲ್ಲಿ ಗೆಲುವಿನ ನಗೆ, ಹಗ್ಗ ಮಾತ್ರ ಬಿಗಿಯಾಗಿದೆ. ಇದು ಕೊಯೋಟಿಯ ಹದಿನಾಲ್ಕರ ಸೋದರ. ನೋಡುಗ ಹಣ್ಣನ್ನು ನೋಡಿ, ಹಗ್ಗದ ಗುಂಟ ಸೊಂಟಕ್ಕೆ ಬಂದು, 'ಅಯ್ಯೋ' ಎನ್ನುವಷ್ಟು ಸಮಯ. ಆ ದಾರಿಯಲ್ಲಿ ಕಣ್ಣು ಎರಡು ಬಾರಿ ನೆಗೆಯಬೇಕಾದ್ದರಿಂದ ಎರಡು ಫ್ರೇಮು ಹೆಚ್ಚು ಇಟ್ಟಿದ್ದೇನೆ. ಈ ಹೊತ್ತಿನಲ್ಲಿ ಹಿನ್ನೆಲೆಯಲ್ಲಿ ಗೂಬೆಯೊಂದು ರೆಕ್ಕೆ ಬಡಿದರೂ ಸಾಕು, ಕಣ್ಣು ಅತ್ತ ಹೋಗುತ್ತದೆ, ಗ್ಯಾಗು ಸತ್ತಿತು. ನೋಡುಗನಿಗೆ ಗೊತ್ತಾದ ಮೇಲೆ ಕಳ್ಳನಿಗೂ ಗೊತ್ತಾಗಬೇಕು: ಕಾಲ ಹೆಬ್ಬೆರಳು ನೆಲ ಬಿಡುತ್ತದೆ, ಅವನು ಹಣ್ಣನ್ನು ನೋಡುತ್ತಾನೆ, ಸೊಂಟವನ್ನು ನೋಡುತ್ತಾನೆ, ನಮ್ಮನ್ನು ನೋಡುತ್ತಾನೆ. ಒಂದೊಂದು ನೋಟಕ್ಕೂ ಎಂಟು ಫ್ರೇಮಿನ ನಿಲುವು. ಐದಕ್ಕಿಂತ ಕಡಿಮೆಯಾದರೆ ಆ ಭಂಗಿ ಓದಲು ಸಿಗುವುದಿಲ್ಲ. ಮೊದಲು ನೋಡುಗ, ಆಮೇಲೆ ಪಾತ್ರ, ಕೊನೆಗೆ ಗುರುತ್ವ ಎಂಬ ಈ ಕ್ರಮವನ್ನು ನಾನು ಬಿಡುವುದಿಲ್ಲ. ಪಾತ್ರಕ್ಕೇ ಮೊದಲು ತಿಳಿದುಬಿಟ್ಟರೆ ಅವನು ಜಾಣ, ನಾವು ದಡ್ಡರು; ಹಾಗೆ ನಗುವುದು ಕಷ್ಟ.

ಏರುವ ವೇಗ ಎಷ್ಟು? ಕಳ್ಳ ನಲವತ್ತು ಕಿಲೋ, ಹಣ್ಣು ನಲವತ್ತನಾಲ್ಕು ಎಂದುಕೊಳ್ಳಿ. ವ್ಯತ್ಯಾಸ ನಾಲ್ಕೇ ಕಿಲೋ, ಅದು ಎಂಬತ್ತನಾಲ್ಕು ಕಿಲೋವನ್ನು ಎಳೆಯಬೇಕು. ಕೊಂಬೆಯ ತಿಕ್ಕಾಟವನ್ನು ಮರೆತರೂ ನಾಲ್ಕು ಮೀಟರು ಏರಲು ನಾಲ್ಕು ಸೆಕೆಂಡು, ಸುಮಾರು ನೂರು ಫ್ರೇಮು. ಬಹುತೇಕ ಕಾರ್ಟೂನುಗಳಲ್ಲಿ ಇದನ್ನು ಆರು ಫ್ರೇಮಿಗೆ ಇಳಿಸಿ ಅವನನ್ನು ಬಾಣದಂತೆ ಮೇಲಕ್ಕೆ ಚಿಮ್ಮಿಸುತ್ತಾರೆ. ನನಗೆ ಇಲ್ಲಿ ನಿಜವಾದ ಭೌತಶಾಸ್ತ್ರಕ್ಕೆ ಹತ್ತಿರವಾದ ವೇಗವೇ ಹೆಚ್ಚು ನಗೆಯೆನಿಸುತ್ತದೆ. ಅವನು ಗಂಭೀರವಾಗಿ, ನಿಧಾನವಾಗಿ ಏರಲಿ, ಎಪ್ಪತ್ತೆರಡು ಫ್ರೇಮು. ಅರ್ಧದಾರಿಯಲ್ಲಿ ಇಳಿಯುತ್ತಿರುವ ಹಣ್ಣು ಮುಖಾಮುಖಿಯಾಗಲಿ. ಅಲ್ಲಿ ಅವನು ಎಣ್ಣೆ ಸವರಿದ ಕೈಯಿಂದ ಹಣ್ಣನ್ನು ತಬ್ಬಿ ತಡೆಯಲು ನೋಡುತ್ತಾನೆ, ಕೈ ಜಾರುತ್ತದೆ. ನಿಧಾನ ಏರಿಕೆಯ ನಿಜವಾದ ಲಾಭ ಮುಂದಿದೆ: ಬೀಳುವಾಗ ಅವನು ಬಾಣವಾಗಬಹುದು. ಎರಡೂ ವೇಗವಾಗಿದ್ದರೆ ಎರಡನೆಯದು ಮೊದಲನೆಯದರ ನಕಲಾಗುತ್ತದೆ.

ಹಣ್ಣು ನೆಲಕ್ಕೆ ಬಡಿದು ಬಿರಿಯಿತು. ತೊಳೆ, ಬೀಜ, ಮೇಣ ಎಲ್ಲ ನೆಲದ ಮೇಲೆ, ಹಗ್ಗದಲ್ಲಿ ಉಳಿದದ್ದು ಬರೀ ಹದಿನೈದು ಕಿಲೋ ಸಿಪ್ಪೆ. ಇಲ್ಲೊಂದು ಅಪಾಯವಿದೆ. ಸಿಪ್ಪೆ ಹಗುರವಾಯಿತು ಎಂಬುದು ಕಣ್ಣಿಗೆ ಕಾಣದಿದ್ದರೆ ಕಳ್ಳ ಮತ್ತೆ ಕೆಳಗೆ ಬರುವುದಕ್ಕೆ ಕಾರಣವೇ ಇಲ್ಲ. ಹಾಗಾಗಿ ಸಿಪ್ಪೆ ನೆಲದಿಂದ ಒಂದು ಗೇಣು ಎದ್ದು ತೂಗಾಡಬೇಕು, ಆ ಚಿತ್ರಕ್ಕೆ ಪೂರ್ತಿ ಹನ್ನೆರಡು ಫ್ರೇಮು. ನಂತರ ಮೇಲೆ ಕೊಂಬೆಗೆ ಆತುಕೊಂಡ ಕಳ್ಳನ ಮುಖ, ನಮ್ಮತ್ತ ಒಂದು ನೋಟ. ಲೆಕ್ಕದ ಪ್ರಕಾರ ಅವನು ಇಳಿಯಲು ಮೂವತ್ತೆರಡು ಫ್ರೇಮು ಬೇಕು, ನಾನು ಎಂಟು ಕೊಡುತ್ತೇನೆ. ಅವನು ಕುಂಡೆಯೂರಿ ಬೀಳುವುದು ಮೇಣದ ಮೇಲೆ.

ಕೊನೆಯದು ಬಿಡುಗಡೆಯ ನಿಟ್ಟುಸಿರು. ಮೂಳೆ ಮುರಿಯಲಿಲ್ಲ ಎಂದು ಅವನು ಮೈ ತಡವಿಕೊಂಡು, ಈ ಪೀಡೆ ಸಾಕೆಂದು ಸೊಂಟದ ಗಂಟು ಬಿಚ್ಚುತ್ತಾನೆ. ಗಂಟು ಬಿಚ್ಚಿದ ಹಗ್ಗದ ತುದಿ ಅವನ ಮೂಗಿನ ಮುಂದೆಯೇ ಮೇಲಕ್ಕೆ ಓಡುತ್ತದೆ. ಅವನ ಕಣ್ಣು ಅದರ ಹಿಂದೆ ಏರುತ್ತದೆ. ಏಳಲು ನೋಡುತ್ತಾನೆ, ಮೇಣ ಎಳೆ ಎಳೆಯಾಗಿ ಹಿಗ್ಗಿ ಅವನನ್ನು ಮರಳಿ ಕೂರಿಸುತ್ತದೆ. ಎಣ್ಣೆ ಹಚ್ಚಿದ ಎರಡು ಕೈಗಳನ್ನು ಅವನು ನೋಡಿಕೊಳ್ಳುತ್ತಾನೆ. ಆ ನೋಟಕ್ಕೆ ಹದಿನಾಲ್ಕು ಫ್ರೇಮು. ಆಮೇಲೆ ಸಿಪ್ಪೆ ಟೊಪ್ಪಿಗೆಯಾಗಿ ತಲೆಯ ಮೇಲೆ.

ಇದು ಕಾಗದದ ಮೇಲಿನ ಲೆಕ್ಕ. ಸರಿಯೋ ಅಲ್ಲವೋ ತಿಳಿಯಲು ಸ್ಟೋರಿಬೋರ್ಡಿನ ಚಿತ್ರಗಳನ್ನೇ ಈ ಫ್ರೇಮು ಲೆಕ್ಕದಲ್ಲಿ ಜೋಡಿಸಿ ಅನಿಮ್ಯಾಟಿಕ್ ಮಾಡಿ, ಮೊದಲು ಸದ್ದಿಲ್ಲದೆ, ಕತೆ ಗೊತ್ತಿಲ್ಲದವರಿಗೆ ತೋರಿಸಬೇಕು. ತೆರೆಯನ್ನು ನೋಡಬೇಡಿ, ಅವರ ಮುಖ ನೋಡಿ. ಸಿಪ್ಪೆ ಬೀಳುವ ಮೊದಲೇ ನಕ್ಕು ಮುಗಿಸಿದ್ದರೆ ಅಂತರ ಉದ್ದವಾಗಿದೆ. ಬಿದ್ದ ಮೇಲೆ ಹುಬ್ಬು ಗಂಟಿಕ್ಕಿ ನಕ್ಕರೆ ಒಂದೋ ಅಂತರ ಗಿಡ್ಡ, ಅಥವಾ ಹಿಂದೆ ಬಿತ್ತಿದ ಎಣ್ಣೆ ಅವರಿಗೆ ಕಂಡಿಲ್ಲ. ಯಾವುದು ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: 'ಅವನು ಕೈಗೆ ಹಚ್ಚಿಕೊಂಡದ್ದು ಏನು?' ಉತ್ತರ ಬರದಿದ್ದರೆ ಕೊನೆಯ ಫ್ರೇಮುಗಳನ್ನು ಹಿಗ್ಗಿಸಿ ಪ್ರಯೋಜನವಿಲ್ಲ, ಶೀಸೆಯ ದೃಶ್ಯಕ್ಕೆ ಮರಳಬೇಕು. ಮಾಡಿದವನ ಸ್ವಂತ ಕಣ್ಣು ಈ ಕೆಲಸಕ್ಕೆ ಬಾರದು. ಹತ್ತಾರು ಸಲ ನೋಡಿದವನಿಗೆ ಮುಂದಿನದು ಗೊತ್ತಿರುವುದರಿಂದ ಪ್ರತಿ ನಿಲುವೂ ಎಳೆದಂತೆ ಕಾಣುತ್ತದೆ, ಅವನು ಒಂದೊಂದೇ ಫ್ರೇಮು ಕದಿಯುತ್ತ ಹೋಗುತ್ತಾನೆ. ಹೊಸಬರ ಚಿತ್ರಗಳು ಅತಿ ವೇಗವಾಗಿರುವುದಕ್ಕೆ ಇದೇ ದೊಡ್ಡ ಕಾರಣ.

ಇನ್ನು ನಗುವಿನದೇ ಅವಧಿ. ಜೋನ್ಸ್ ಚಿತ್ರ ಮಾಡಿದ್ದು ತುಂಬಿದ ಥಿಯೇಟರಿಗೆ. ಅಲ್ಲಿ ಒಬ್ಬರ ನಗು ಇನ್ನೊಬ್ಬರಿಗೆ ಹತ್ತಿಕೊಂಡು ಒಂದೆರಡು ಸೆಕೆಂಡು ನಿಲ್ಲುತ್ತದೆ. ಆ ಹೊತ್ತಿನಲ್ಲಿ ಮುಂದಿನ ಗ್ಯಾಗಿನ ಬೀಜ ಬಿತ್ತಿದರೆ ಯಾರೂ ನೋಡಿರುವುದಿಲ್ಲ. ಅದಕ್ಕೇ ಏಟು ಬಿದ್ದ ಮೇಲೆ ಪಾತ್ರ ಪೆಚ್ಚಾಗಿ ನಮ್ಮನ್ನು ನೋಡುವ ನಿಲುವನ್ನು ನಲವತ್ತು ಫ್ರೇಮಿನವರೆಗೂ ಎಳೆಯಬಹುದು. ಈಗ ಅದೇ ಚಿತ್ರವನ್ನು ಬಸ್ಸಿನಲ್ಲಿ ಒಬ್ಬನೇ ಕೂತು ಫೋನಿನಲ್ಲಿ ನೋಡುವವನಿಗೆ ನಲವತ್ತು ಫ್ರೇಮು ಖಾಲಿ ಅನಿಸುತ್ತದೆ; ಅವನು ಮೂಗಿನಲ್ಲಿ ನಕ್ಕು ಮುಂದಕ್ಕೆ ಕಾಯುತ್ತಿರುತ್ತಾನೆ. ಎರಡೂ ಕಡೆಗೆ ಚಿತ್ರ ಹೋಗುವುದಾದರೆ ಎರಡು ಪ್ರತಿ ಮಾಡುವುದೇ ಸರಿ. ಫೋನಿನ ಪ್ರತಿಯಲ್ಲಿ ಸಿಪ್ಪೆ ಬಿದ್ದ ನಂತರದ ನಿಲುವನ್ನು ಹದಿನೆಂಟಕ್ಕೆ ಇಳಿಸಬಹುದು. ಸಿಪ್ಪೆ ಬೀಳುವ ಮುಂಚಿನ ಹದಿನಾಲ್ಕನ್ನು ಮಾತ್ರ ಎರಡರಲ್ಲೂ ಮುಟ್ಟಬೇಡಿ. ಊಹೆ ಮಾಡಲು ಬೇಕಾದ ಹೊತ್ತು ಸಾವಿರ ಜನರಿರುವ ಥಿಯೇಟರಿನಲ್ಲೂ ಒಬ್ಬನೇ ಇರುವ ಬಸ್ಸಿನ ಸೀಟಿನಲ್ಲೂ ಒಂದೇ.